ಲೈಕ್ ಜಾಸ್ತಿ ಬಂದ ಕ್ಯಾಪ್ಶನ್ನೇ ಒಳ್ಳೆಯದಾ? ಸೇವ್, ಶೇರ್, ಲಿಂಕ್ ಒತ್ತಿದವರ ಲೆಕ್ಕ ಹಿಡಿದು ನೋಡುವುದು ಹೇಗೆ?

ತಾರಸಿತೋಟ

ನಮಸ್ಕಾರ. ತಾರಸಿಯಲ್ಲಿ ತರಕಾರಿ ಬೆಳೆಯುವವರಿಗೆ ಬೀಜ ಮಾರುವ ಇನ್‌ಸ್ಟಾಗ್ರಾಂ ಪುಟ ನಮ್ಮದು. ಕ್ಯಾಪ್ಶನ್ ಬರೆಯುವುದು ನನ್ನ ಕೆಲಸ. ಮೂರು ಬಗೆಯಲ್ಲಿ ಬರೆಯುತ್ತೇವೆ. ಟೊಮ್ಯಾಟೊ ಎಲೆ ಹಳದಿಯಾಗುವ ವಿಷಯ ಎಂದುಕೊಳ್ಳಿ.

ಪ್ರಶ್ನೆ: "ನಿಮ್ಮ ಟೊಮ್ಯಾಟೊ ಗಿಡದ ಎಲೆ ಹಳದಿಯಾಗಿದೆಯಾ? ಯಾವ ಕಡೆಯಿಂದ ಶುರುವಾಯಿತು, ಕಾಮೆಂಟಿನಲ್ಲಿ ಹೇಳಿ."

ಹಂತ: "ಎಲೆ ಹಳದಿಯೇ? 1. ಕುಂಡದ ತಳದ ತೂತು ಕಟ್ಟಿದೆಯಾ ನೋಡಿ. 2. ಮೇಲ್ಮಣ್ಣಿಗೆ ಬೆರಳು ಇಳಿಸಿ, ಒದ್ದೆಯಿದ್ದರೆ ನೀರು ನಿಲ್ಲಿಸಿ. 3. ಹಳದಿ ಎಲೆ ಕಿತ್ತು ಹಾಕಿ..."

ಕಥನ: "ಮಳೆ ಹಿಡಿದು ಮೂರು ದಿನ. ಮೊನ್ನೆವರೆಗೆ ಕಡು ಹಸಿರಾಗಿದ್ದ ಗಿಡ ಕೆಳಗಿನ ಎಲೆಯಿಂದ ಹಳದಿ ತಿರುಗುತ್ತಿದೆ. ಗೊಬ್ಬರ ಸಾಲದೆಂದು ಇನ್ನೊಂದು ಹಿಡಿ ಹಾಕುವ ಮುಂಚೆ ಕುಂಡ ಎತ್ತಿ ನೋಡಿ, ಅದು ನೀರು ಕುಡಿದು ಭಾರವಾಗಿದೆ..."

ಒಂದೊಂದು ಬಗೆಯಲ್ಲಿ ನಾಲ್ಕು ಪೋಸ್ಟ್, ಎಲ್ಲವೂ ಚಿತ್ರದ ಪೋಸ್ಟ್, ರೀಲ್ ಇಲ್ಲ. ನಾಲ್ಕನ್ನೂ ಕೂಡಿದ ಅಂಕಿ ಇಲ್ಲಿದೆ:

ಪ್ರಶ್ನೆ: ರೀಚ್ 9,600, ಲೈಕ್ 624, ಸೇವ್ 38, ಶೇರ್ 31, ಲಿಂಕ್ 14
ಹಂತ: ರೀಚ್ 7,200, ಲೈಕ್ 310, ಸೇವ್ 166, ಶೇರ್ 58, ಲಿಂಕ್ 17
ಕಥನ: ರೀಚ್ 8,400, ಲೈಕ್ 588, ಸೇವ್ 42, ಶೇರ್ 97, ಲಿಂಕ್ 36

ಹಂತದ ಪೋಸ್ಟಿಗೆ ಲೈಕ್ ಅರ್ಧಕ್ಕರ್ಧ ಕಡಿಮೆ, ಆದ್ದರಿಂದ ಅದನ್ನು ನಿಲ್ಲಿಸಿ ಪ್ರಶ್ನೆಗಳನ್ನೇ ಹಾಕಿ ಎಂದು ಪುಟದ ಯಜಮಾನರು ಹೇಳುತ್ತಿದ್ದಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ಈ ಅಂಕಿಗಳನ್ನು ಹೇಗೆ ಓದಬೇಕು?

ಕರಾವಳಿ_ಕ್ಯಾಮರಾ

ಕ್ಯಾಪ್ಶನ್ ಯಾವಾಗಲೂ ಪರದೆಯ ಕೆಳಗಿನ ಮೂರನೇ ಒಂದು ಭಾಗದಿಂದ ಸ್ವಲ್ಪ ಮೇಲೆ ಇರಬೇಕು ಮಾರಾಯ್ರೆ. ಪೂರ್ತಿ ಕೆಳಗೆ ಹಾಕಿದರೆ ಖಾತೆಯ ಹೆಸರು, ಹಾಡಿನ ಹೆಸರು ಅದನ್ನು ಮುಚ್ಚಿಬಿಡ್ತದೆ. ಹಳದಿ ಅಕ್ಷರಕ್ಕೆ ಕಪ್ಪು ಅಂಚು ಕೊಡಿ, ಒಂದು ಸಾಲಿಗೆ ನಾಲ್ಕೈದು ಪದ ಸಾಕು. ಸದ್ದಿಲ್ಲದೆ ನೋಡುವವರೂ ಕೊನೆವರೆಗೆ ಉಳೀತಾರೆ.

ತಾರಸಿತೋಟ

ಧನ್ಯವಾದ. ಆದರೆ ನಾನು ಕೇಳಿದ್ದು ವಿಡಿಯೋ ಮೇಲೆ ಓಡುವ ಅಕ್ಷರದ ಬಗ್ಗೆ ಅಲ್ಲ, ಚಿತ್ರದ ಕೆಳಗೆ ಬರೆಯುವ ಬರಹದ ಬಗ್ಗೆ. ರೀಲ್ ಮಾಡುವಾಗ ಇದು ಉಪಯೋಗಕ್ಕೆ ಬರುತ್ತದೆ.

ರೀಲುಗೀಲು

ಲೈಕ್ ನೋಡೋದೇ ವೇಸ್ಟ್ ಸರ್, ಬಿಟ್ಬಿಡಿ. ಅದು ಹೆಬ್ಬೆರಳಿನ ಅಭ್ಯಾಸ ಅಷ್ಟೇ. ಸೇವ್ ಒಂದೇ ನೋಡಿ. 166 ಎಲ್ಲಿ, 38 ಎಲ್ಲಿ! ಹಂತ ಗೆದ್ದಿದೆ, ಮುಗೀತು. ಪ್ರತಿ ಕ್ಯಾಪ್ಶನ್ ಕೊನೇಲಿ "ಸೇವ್ ಮಾಡಿಟ್ಕೊಳ್ಳಿ" ಅಂತ ಒಂದು ಸಾಲು ಹಾಕಿ, ಇನ್ನೂ ಏರುತ್ತೆ.

ಅಳತೆಗೋಲು

ರೀಲುಗೀಲು ಹೇಳಿದ್ದರಲ್ಲಿ ಅರ್ಧ ನಿಜ. ಇಲ್ಲಿ ಲೈಕ್ ಕ್ಯಾಪ್ಶನ್ನನ್ನು ಅಳೆಯುತ್ತಿಲ್ಲ ಎಂಬುದು ಸರಿ. ಕಾರಣ ಕೆಲಸ ನಡೆಯುವ ಕ್ರಮದಲ್ಲಿದೆ. ಫೀಡಿನಲ್ಲಿ ಮೊದಲು ಕಾಣುವುದು ಚಿತ್ರ. ಅದರ ಕೆಳಗೆ ಕ್ಯಾಪ್ಶನ್ನಿನ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು "ಇನ್ನಷ್ಟು" ಒತ್ತಿದ ಮೇಲೆ. ಚಿತ್ರವನ್ನೇ ಎರಡು ಸಲ ತಟ್ಟಿದರೆ ಲೈಕ್ ಬಿತ್ತು. ಅಂದರೆ ಲೈಕ್ ಕೊಟ್ಟವರಲ್ಲಿ ಬಹಳ ಜನ ನಿಮ್ಮ ಹಂತಗಳನ್ನಾಗಲಿ, ಕಥನದ ಎರಡನೇ ವಾಕ್ಯವನ್ನಾಗಲಿ ಓದಿರುವುದಿಲ್ಲ. "ಇನ್ನಷ್ಟು" ಒತ್ತಿದವರು ಎಷ್ಟು ಎಂದು ಇನ್‌ಸೈಟ್ಸ್ ತೋರಿಸುವುದೂ ಇಲ್ಲ. ಹಾಗಾಗಿ ಓದಿದ ಮೇಲೆ ಮಾತ್ರ ಮಾಡುವ ಕೆಲಸಗಳನ್ನು ಹಿಡಿದು ಊಹಿಸಬೇಕು.

ಆದರೆ ಲೈಕ್ ದಂಡ ಎನ್ನುವುದು ಸರಿಯಲ್ಲ. ಪೋಸ್ಟ್ ಎಷ್ಟು ಜನರಿಗೆ ತಲುಪಬೇಕು ಎಂದು ತೀರ್ಮಾನಿಸುವಾಗ ನೋಡಿದ ಹೊತ್ತು, ಲೈಕ್ ಮತ್ತು ಕಳಿಸಿದ ಸಂಖ್ಯೆ ಮುಖ್ಯ ಎಂದು ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಮ್ ಮೊಸ್ಸೇರಿ 2025ರ ಜನವರಿಯಲ್ಲಿ ಹೇಳಿದ್ದರು. ಈಗಾಗಲೇ ಹಿಂಬಾಲಿಸುವವರ ನಡುವೆ ಲೈಕಿನ ತೂಕ ಸ್ವಲ್ಪ ಹೆಚ್ಚು, ಹೊಸಬರಿಗೆ ತಲುಪಲು ಕಳಿಸಿದ್ದರ ತೂಕ ಹೆಚ್ಚು ಎಂದೂ ಹೇಳಿದ್ದರು. ಆದ್ದರಿಂದ ಲೈಕನ್ನು ದಾಖಲಿಸಿ. ಅದನ್ನು ಚಿತ್ರದ ಅಂಕವೆಂದು ಓದಿ, ಕ್ಯಾಪ್ಶನ್ನಿನ ಅಂಕವೆಂದು ಓದಬೇಡಿ.

ಇನ್ನು ನಿಮ್ಮ ಅಂಕಿಗಳು. ರೀಚ್ ಬೇರೆ ಬೇರೆ ಇರುವಾಗ ಬರೀ ಮೊತ್ತ ಹೋಲಿಸಬಾರದು. ಸಾವಿರ ರೀಚಿಗೆ ಎಷ್ಟು ಎಂದು ಮಾಡಿಕೊಳ್ಳಿ. ಶೀಟಿನಲ್ಲಿ B ಕಾಲಂ ರೀಚ್, E ಕಾಲಂ ಸೇವ್ ಆದರೆ ಹೀಗೆ:

```
=E2/B2*1000
```

ಆಗ ಬರುವುದು ಇದು:

ಪ್ರಶ್ನೆ: ಲೈಕ್ 65, ಸೇವ್ 4, ಶೇರ್ 3.2, ಲಿಂಕ್ 1.5
ಹಂತ: ಲೈಕ್ 43, ಸೇವ್ 23, ಶೇರ್ 8, ಲಿಂಕ್ 2.4
ಕಥನ: ಲೈಕ್ 70, ಸೇವ್ 5, ಶೇರ್ 11.5, ಲಿಂಕ್ 4.3

ಮೂರು ಬಗೆಗೂ ಮೂರು ಬೇರೆ ಕೆಲಸ ಕಾಣುತ್ತಿದೆ. ಅಳತೆ, ಕ್ರಮ ಇರುವುದನ್ನು ಜನ ಆಮೇಲೆ ಬೇಕಾಗುತ್ತದೆಂದು ಎತ್ತಿಡುತ್ತಾರೆ. ಕಥನ ಓದಿದಾಗ ಒಬ್ಬರ ನೆನಪಾಗುತ್ತದೆ, "ನಿಮ್ಮ ಗಿಡಕ್ಕೂ ಇದೇ ಆಗಿದ್ದು ನೋಡಿ" ಎಂದು ಕಳಿಸುತ್ತಾರೆ. ಪ್ರಶ್ನೆಯ ಫಲ ನೀವು ಕೊಟ್ಟ ಪಟ್ಟಿಯಲ್ಲೇ ಇಲ್ಲ. ಅದು ಕೇಳಿದ್ದು ಕಾಮೆಂಟ್, ನೀವು ಕಾಮೆಂಟ್ ಎಣಿಸಿಲ್ಲ. ಅದನ್ನು ಸೇವ್ ಕಡಿಮೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ತೀರ್ಪು ಕೊಡುವ ಮೊದಲು ಒಂದೊಂದು ಪೋಸ್ಟಿನ ಅಂಕಿ ಬೇಕು. ನಾಲ್ಕನ್ನು ಕೂಡಿದ ಮೊತ್ತದೊಳಗೆ ಒಂದೇ ಪೋಸ್ಟ್ ಕೂತು ಎಲ್ಲವನ್ನೂ ಎತ್ತಿರಬಹುದು. ಕೊಡುತ್ತೀರಾ?

ಅಂಗಡಿಬೀದಿ

ನಮ್ಮದು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ವ್ಯಾಪಾರ ರೀ. ಇನ್‌ಸ್ಟಾಗ್ರಾಂದಾಗ ಶೇರ್ ಎರಡೋ ಮೂರೋ ತೋರಸ್ತೈತಿ, ಆದ್ರ ಆರ್ಡರ್ ಎಲ್ಲಾ ವಾಟ್ಸಾಪ್ ಮ್ಯಾಲೆ ಬರ್ತಾವ. ಕೇಳಿದ್ರ "ಗ್ರೂಪಿನ್ಯಾಗ ಫೋಟೋ ಬಂದಿತ್ತು" ಅಂತಾರ. ಹಂಗಾದ್ರ ಈ ಶೇರ್ ಲೆಕ್ಕ ನಂಬೂದು ಹ್ಯಾಂಗ್ರೀ?

ಅಳತೆಗೋಲು

ನಂಬುವುದಕ್ಕೆ ಮಿತಿ ಇದೆ ರೀ. ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಗ್ರೂಪಿಗೆ ಹಾಕಿದ್ದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆದ್ದರಿಂದ ಶೇರ್ ಅಂಕಿ ಒಟ್ಟು ಹಂಚಿಕೆಯ ಅಂಕಿಯಲ್ಲ, ಅದರ ಒಂದು ತುಂಡು. ಎರಡು ಕ್ಯಾಪ್ಶನ್ನುಗಳನ್ನು ಹೋಲಿಸಲು ಆ ತುಂಡೂ ಸಾಕು, ಎರಡರಲ್ಲೂ ಸ್ಕ್ರೀನ್‌ಶಾಟ್ ತೆಗೆಯುವ ಕಾರಣ ಸಮನಾಗಿದ್ದರೆ. ಅದು ಸಮನಾಗಿರದ ಸಂದರ್ಭ ಒಂದಿದೆ. ಬೆಲೆ, ಫೋನ್ ನಂಬರು, ಪಟ್ಟಿ ಇವೆಲ್ಲ ಚಿತ್ರದ ಮೇಲೇ ಇದ್ದರೆ ಜನ ಚಿತ್ರವನ್ನೇ ತೆಗೆದು ಕಳಿಸುತ್ತಾರೆ. ನಿಮ್ಮ ಚಟ್ನಿಯ ಚಿತ್ರದಲ್ಲಿ ನಂಬರು ಇರಬೇಕು ಅಂತ ನನ್ನ ಊಹೆ.

ಅಂಗಡಿಬೀದಿ

ಹೌದ್ರೀ, ದೊಡ್ಡದಾಗಿ ಐತಿ.

ಅಳತೆಗೋಲು

ವ್ಯಾಪಾರಕ್ಕೆ ಅದು ಒಳ್ಳೆಯದೇ, ತೆಗೆಯಬೇಡಿ. ಅಳೆಯಬೇಕಾದರೆ ಆರ್ಡರಿನ ಮೊದಲ ಮಾತನ್ನೇ ಗುರುತು ಮಾಡಿಕೊಳ್ಳಿ. ಒಂದು ಬಗೆಯ ಕ್ಯಾಪ್ಶನ್ ಇರುವ ಚಿತ್ರದಲ್ಲಿ "ಶೇಂಗಾ 1 ಎಂದು ಬರೆದು ಕಳಿಸಿ", ಇನ್ನೊಂದರಲ್ಲಿ "ಶೇಂಗಾ 2" ಎಂದು ಹಾಕಿ. ಸ್ಕ್ರೀನ್‌ಶಾಟ್ ನಾಲ್ಕು ಗ್ರೂಪು ದಾಟಿ ಬಂದರೂ ಆ ಗುರುತು ಜೊತೆಯಲ್ಲೇ ಬರುತ್ತದೆ. ಆದರೆ ಅಲ್ಲಿಗೆ ಬರುವಷ್ಟರಲ್ಲಿ ಕ್ಯಾಪ್ಶನ್ ಕಳಚಿರುತ್ತದೆ, ಉಳಿದಿರುವುದು ಚಿತ್ರ ಮಾತ್ರ. ಹಾಗಾಗಿ ಆ ಅಂಕಿ ಹೇಳುವುದು ಯಾವ ಬರಹ ಓದಿ ಮೊದಲನೆಯವರು ಗ್ರೂಪಿಗೆ ಹಾಕಿದರು ಎಂಬುದನ್ನು. ಕೊಂಡವರನ್ನು ಆ ಬರಹವೇ ಒಪ್ಪಿಸಿತು ಎಂದು ಅದರಿಂದ ಹೇಳಲಾಗದು.

ತಾರಸಿತೋಟ

ಒಂದೊಂದನ್ನೂ ಬಿಡಿಸಿ ನೋಡಿದೆ. ಹಂತದ 166 ಸೇವ್‌ಗಳಲ್ಲಿ 104 ಒಂದೇ ಪೋಸ್ಟಿನವು. ಅದು ಮುಂಗಾರಿನ ಬಿತ್ತನೆ ಪಟ್ಟಿ, ಯಾವ ತಿಂಗಳು ಯಾವ ಬೀಜ ಎಂದು. ರೀಚ್ 2,200. ಕಥನದ 36 ಲಿಂಕ್‌ಗಳಲ್ಲಿ 22 ಬದನೆಯ ಪೋಸ್ಟಿನವು, ರೀಚ್ 2,100. ಶೇರ್ ಮಾತ್ರ ಹಂಚಿಕೊಂಡಿದೆ. ಸಾವಿರ ರೀಚಿಗೆ ಕಥನದ ನಾಲ್ಕರಲ್ಲಿ 9, 11, 12, 14. ಹಂತದಲ್ಲಿ 5, 7, 9, 11. ಪ್ರಶ್ನೆಯಲ್ಲಿ 2, 3, 3, 5.

ಅಳತೆಗೋಲು

ಬಿತ್ತನೆ ಪಟ್ಟಿ ಚಿತ್ರದಲ್ಲಿತ್ತೋ ಕ್ಯಾಪ್ಶನ್ನಿನಲ್ಲೋ? ಬದನೆಯ ಪೋಸ್ಟ್ ಹಾಕಿದ ದಿನ ಬೇರೆ ಏನಾದರೂ ನಡೆದಿತ್ತೇ?

ತಾರಸಿತೋಟ

ಪಟ್ಟಿ ಚಿತ್ರದಲ್ಲಿತ್ತು, ಕ್ಯಾಪ್ಶನ್ನಿನಲ್ಲಿ ಅದನ್ನು ಬಳಸುವ ಹಂತ. ಬದನೆಯ ದಿನ ಈರನಗೆರೆ ಬದನೆ ಬೀಜ ಮತ್ತೆ ಬಂದಿತ್ತು, ಬಹಳ ಜನ ಕಾಯುತ್ತಿದ್ದರು. ಸ್ಟೋರಿಯಲ್ಲೂ ಹಾಕಿದ್ದೆವು.

ಅಳತೆಗೋಲು

ಹಾಗಾದರೆ ಇವೆರಡನ್ನೂ ಕ್ಯಾಪ್ಶನ್ನಿನ ಖಾತೆಗೆ ಬರೆಯಲಾಗದು. ಪಟ್ಟಿಯನ್ನು ಜನ ಎತ್ತಿಟ್ಟದ್ದು ಚಿತ್ರಕ್ಕಾಗಿ. ಕೆಳಗೆ ಒಂದಕ್ಷರ ಇಲ್ಲದಿದ್ದರೂ ಎತ್ತಿಡುತ್ತಿದ್ದರು. ಅದನ್ನು ತೆಗೆದರೆ ಹಂತಕ್ಕೆ ಉಳಿಯುವುದು 5,000 ರೀಚಿಗೆ 62 ಸೇವ್, ಸಾವಿರಕ್ಕೆ 12.4. ಮೊದಲಿನ 23ರ ಅರ್ಧ. ಹಾಗಿದ್ದೂ ಕಥನದ 5ಕ್ಕಿಂತ ಎರಡೂವರೆ ಪಟ್ಟು, ಅಂದರೆ ಸೇವ್ ವಿಷಯದಲ್ಲಿ ಹಂತ ನಿಜವಾಗಿಯೂ ಮುಂದಿದೆ.

ಬದನೆಯನ್ನು ತೆಗೆದರೆ ಕಥನಕ್ಕೆ 6,300 ರೀಚಿಗೆ 14 ಲಿಂಕ್, ಸಾವಿರಕ್ಕೆ 2.2. ಹಂತದ್ದು 2.4. ಕಥನ ಬೀಜ ಮಾರುತ್ತದೆ ಎಂದು ಕಂಡದ್ದು ಬದನೆಗಾಗಿ ಕಾಯುತ್ತಿದ್ದವರ ಆತುರ ಮಾತ್ರ.

ಲಿಂಕಿನ ಅಂಕಿ ಎಲ್ಲಿಂದ ತೆಗೆದಿರಿ ಎಂಬುದೂ ಮುಖ್ಯ. ಇನ್‌ಸ್ಟಾಗ್ರಾಂ ಕ್ಯಾಪ್ಶನ್ನಿನಲ್ಲಿ ಹಾಕಿದ ವಿಳಾಸ ಒತ್ತಿದರೆ ತೆರೆಯುವುದಿಲ್ಲ. ಓದಿದವರು ನಿಮ್ಮ ಪ್ರೊಫೈಲಿಗೆ ಹೋಗಿ ಬಯೋದ ಲಿಂಕ್ ಒತ್ತಬೇಕು. ಬಯೋದ ಒಟ್ಟು ಅಂಕಿ ನೋಡಿದರೆ ಅದು ಯಾವ ಪೋಸ್ಟಿನಿಂದ ಬಂತೆಂದು ತಿಳಿಯದು, ಆ ದಿನದ ಪೋಸ್ಟಿಗೆ ಸುಮ್ಮನೆ ಪುಣ್ಯ ಸೇರುತ್ತದೆ. ಪ್ರತಿ ಪೋಸ್ಟಿನ ಇನ್‌ಸೈಟ್ಸ್ ತೆರೆದು ಪ್ರೊಫೈಲ್ ಚಟುವಟಿಕೆಯಲ್ಲಿರುವ External link taps ನೋಡಿ. ಆ ಪೋಸ್ಟಿನಿಂದ ಪ್ರೊಫೈಲಿಗೆ ಬಂದು ಒತ್ತಿದವರು ಅಲ್ಲಿರುತ್ತಾರೆ. ಸ್ಟೋರಿಯ ಲಿಂಕ್ ಸ್ಟಿಕರ್ ಒತ್ತಿದವರ ಲೆಕ್ಕ ಬೇರೆ, ಅದನ್ನು ಇದಕ್ಕೆ ಕೂಡಬಾರದು.

ತಾರಸಿತೋಟ

ಪೋಸ್ಟಿನ ಇನ್‌ಸೈಟ್ಸಿನದೇ. ಆದರೆ ನಮ್ಮ ಜಾಲತಾಣದ ಲೆಕ್ಕದಲ್ಲಿ ಇನ್‌ಸ್ಟಾಗ್ರಾಂನಿಂದ ಬಂದವರು ಇದಕ್ಕೆ ತಾಳೆಯಾಗುವುದಿಲ್ಲ. ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು.

ಅಳತೆಗೋಲು

ಎರಡಕ್ಕೂ ಕಾರಣ ಇದೆ. ಒತ್ತಿದ ಕೂಡಲೇ ಲೆಕ್ಕ ಬೀಳುವುದು ಇನ್‌ಸ್ಟಾಗ್ರಾಂನಲ್ಲಿ. ನಿಮ್ಮ ತಾಣದಲ್ಲಿ ಲೆಕ್ಕ ಬೀಳುವುದು ಪುಟ ತೆರೆದ ಮೇಲೆ. ನೆಟ್‌ವರ್ಕ್ ನಿಧಾನವಿದ್ದು ಹಿಂದೆ ಹೋದವರು ಮೊದಲನೆಯದರಲ್ಲಿ ಇರುತ್ತಾರೆ, ಎರಡನೆಯದರಲ್ಲಿ ಇರುವುದಿಲ್ಲ. ಆಗ ಕಡಿಮೆ ಕಾಣುತ್ತದೆ. ಹೆಚ್ಚು ಕಾಣುವುದು ಎಲ್ಲಿಂದ ಬಂದರೆಂದು ಗುರುತಿಸುವ ಬಾಲವನ್ನು ಲಿಂಕಿನ ಕೊನೆಗೆ ಕಟ್ಟಿದ್ದಾಗ. ತೆರೆದ ಪುಟದ ವಿಳಾಸವನ್ನು ಯಾರಾದರೂ ನಕಲು ಮಾಡಿ ವಾಟ್ಸಾಪಿಗೆ ಹಾಕಿದರೆ ಬಾಲವೂ ಜೊತೆಗೆ ಹೋಗುತ್ತದೆ. ಅಲ್ಲಿಂದ ಬಂದವರೆಲ್ಲ ಇನ್‌ಸ್ಟಾಗ್ರಾಂನವರೆಂದೇ ದಾಖಲಾಗುತ್ತಾರೆ.

ಬಾಲ ಕಟ್ಟುವುದಾದರೆ ಹೀಗೆ ಕಟ್ಟಿ:

```
https://example.in/badane?utm_source=instagram&utm_medium=bio&utm_campaign=badane&utm_content=kathana
```

ಕೊನೆಯ ತುಂಡು ಕ್ಯಾಪ್ಶನ್ನಿನ ಬಗೆ. ಎಲ್ಲವನ್ನೂ ಸಣ್ಣಕ್ಷರದಲ್ಲೇ ಬರೆಯಿರಿ. ಗೂಗಲ್ ಅನಲಿಟಿಕ್ಸ್ Kathana ಮತ್ತು kathana ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ. ಕನ್ನಡ ಲಿಪಿ ಹಾಕಿದರೆ ವಿಳಾಸ ಶೇಕಡಾ ಚಿಹ್ನೆಗಳ ಸರಮಾಲೆಯಾಗುತ್ತದೆ, ಯಾರೂ ಓದಲಾರರು. ಬಯೋದಲ್ಲಿ ಈಗ ಐದು ಲಿಂಕ್ ಹಾಕಬಹುದು, ಆದ್ದರಿಂದ ಒಂದೊಂದು ವಿಷಯಕ್ಕೆ ಒಂದೊಂದು ಲಿಂಕ್ ಇಟ್ಟು "ಬಯೋದಲ್ಲಿ ಬದನೆ ಎಂದಿರುವ ಲಿಂಕ್" ಎಂದು ಕ್ಯಾಪ್ಶನ್ನಿನಲ್ಲಿ ಹೇಳಿ. "ಲಿಂಕ್ ಬಯೋದಲ್ಲಿದೆ" ಎಂದಷ್ಟೇ ಹೇಳಿದರೆ ಅಲ್ಲಿಗೆ ಹೋದವರು ಯಾವುದನ್ನು ಒತ್ತಬೇಕೆಂದು ತಿಳಿಯದೆ ವಾಪಸಾಗುತ್ತಾರೆ.

ಲೆಕ್ಕದಮೇಷ್ಟ್ರು

ನಾನೊಂದು ಸಣ್ಣ ಲೆಕ್ಕ ಸೇರಿಸುತ್ತೇನೆ. 14 ಮತ್ತು 17ರಂಥ ಸಂಖ್ಯೆ ಹಿಡಿದು ಯಾವುದು ಮೇಲು ಎನ್ನುವುದು ನಾಣ್ಯ ಚಿಮ್ಮಿದಂತೆ. ಎರಡು ಎಣಿಕೆಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಎರಡರ ಅಂತರ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ಮಾತಾಡಿ. 14 ಮತ್ತು 17 ಕೂಡಿದರೆ 31, ವರ್ಗಮೂಲ ಸುಮಾರು 5.6, ಎರಡು ಪಟ್ಟು 11. ನಿಮ್ಮ ಅಂತರ 3. ಏನೂ ಹೇಳಲಾಗದು.

ರೀಚ್ ಬೇರೆಯಿದ್ದರೆ ಮೊದಲು ಒಂದನ್ನು ಇನ್ನೊಂದರ ಮಟ್ಟಕ್ಕೆ ತನ್ನಿ. ಹಂತದ ಶೇರ್ 58. ರೀಚ್ 7,200ರ ಬದಲು 8,400 ಇದ್ದಿದ್ದರೆ ಸುಮಾರು 68 ಆಗುತ್ತಿತ್ತು. ಕಥನದ್ದು 97, ಅಂತರ 29. ಕೂಡಿದರೆ 165, ವರ್ಗಮೂಲದ ಎರಡು ಪಟ್ಟು ಸುಮಾರು 26. 29 ಅದನ್ನು ದಾಟುತ್ತದೆ, ಆದರೆ ಕೂದಲೆಳೆಯಲ್ಲಿ.

ಅಳತೆಗೋಲು

ಮೇಷ್ಟ್ರ ಲೆಕ್ಕ ಸರಿ, ಆದರೆ ಅದು ಒಂದೊಂದು ಶೇರ್ ತನ್ನಷ್ಟಕ್ಕೆ ತಾನು ಬಂತು ಎಂದು ನಂಬುತ್ತದೆ. ಶೇರ್ ಹಾಗೆ ಬರುವುದಿಲ್ಲ, ಗೊಂಚಲಾಗಿ ಬರುತ್ತದೆ. ಹೆಚ್ಚು ಜನ ಹಿಂಬಾಲಿಸುವ ತೋಟಗಾರರೊಬ್ಬರು ತಮ್ಮ ಸ್ಟೋರಿಗೆ ಹಾಕಿಕೊಂಡರೆ ಅದರ ಬೆನ್ನಿಗೆ ಇಪ್ಪತ್ತು ಬರುತ್ತವೆ. ಹಾಗಾಗಿ ಕೂದಲೆಳೆಯ ಗೆಲುವನ್ನು ನಾನು ಗೆಲುವೆನ್ನುವುದಿಲ್ಲ. ಒಂದೊಂದು ಪೋಸ್ಟನ್ನೇ ಒಂದು ಎಣಿಕೆ ಎಂದಿಟ್ಟುಕೊಂಡು ಸಾಲಾಗಿ ಜೋಡಿಸಿ ನೋಡುವುದು ಇನ್ನೂ ಭದ್ರ.

ಕಥನದ 9, 11, 12, 14 ಎದುರು ಪ್ರಶ್ನೆಯ 2, 3, 3, 5. ಕಥನದ ಅತಿ ಕಡಿಮೆಯದೂ ಪ್ರಶ್ನೆಯ ಅತಿ ಹೆಚ್ಚಿನದನ್ನು ಮೀರಿದೆ. ಎಂಟು ಪೋಸ್ಟ್‌ಗಳಲ್ಲಿ ಯಾವ ವ್ಯತ್ಯಾಸವೂ ಇರದೆ, ಬರೀ ಅದೃಷ್ಟದಿಂದ ಕಥನದ ನಾಲ್ಕೂ ಮೇಲೆ ಕೂರುವ ಸಾಧ್ಯತೆ 70ರಲ್ಲಿ ಒಂದು. ಕಥನ ಪ್ರಶ್ನೆಗಿಂತ ಹೆಚ್ಚು ಹಂಚಿಕೆಯಾಗುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಹಂತದ 5, 7, 9, 11 ಕಥನದ ಸಾಲಿನೊಳಗೆ ನುಗ್ಗಿದೆ. ಕಥನ ಸ್ವಲ್ಪ ಮೇಲೆ ಇರಬಹುದು, ಸದ್ಯಕ್ಕೆ ಅಷ್ಟೇ.

ರೀಲುಗೀಲು

ಸರಿ, ಪಟ್ಟಿಯ ವಿಷಯ ಒಪ್ಪಿದೆ. "ಸೇವ್ ಮಾಡ್ಕೊಳ್ಳಿ" ಸಾಲಿನ ಬಗ್ಗೆ ಏನೂ ಹೇಳಲಿಲ್ಲ? ನಾನು ನೋಡಿರೋ ಪುಟಗಳಲ್ಲಿ ಅದು ಕೆಲಸ ಮಾಡುತ್ತೆ.

ಅಳತೆಗೋಲು

ಕೆಲಸ ಮಾಡುತ್ತದೆ. ಕೇಳಿದರೆ ಜನ ಕೊಡುತ್ತಾರೆ. ಅಳೆಯುವಾಗಿನ ತೊಂದರೆ ಬೇರೆ: ಒಂದು ಬಗೆಯಲ್ಲಿ ಕೇಳಿ ಇನ್ನೊಂದರಲ್ಲಿ ಕೇಳದಿದ್ದರೆ, ನೀವು ಅಳೆದದ್ದು ಆ ಸಾಲನ್ನು, ಕ್ಯಾಪ್ಶನ್ನಿನ ಬಗೆಯನ್ನಲ್ಲ. ಹಾಕಿದರೆ ಎಲ್ಲದರಲ್ಲೂ ಹಾಕಿ, ಇಲ್ಲವೇ ಯಾವುದರಲ್ಲೂ ಬೇಡ. ಕೇಳಿ ಪಡೆದ ಸೇವ್ ಆಮೇಲೆ ತೆರೆದು ನೋಡುವ ಸೇವ್ ಆಗಿದೆಯೇ ಎಂಬ ಅನುಮಾನವೂ ಉಳಿಯುತ್ತದೆ. ಪರೀಕ್ಷಿಸಲು ಒಂದು ದಾರಿ ಇದೆ. ಬೀಜದ ವ್ಯಾಪಾರಕ್ಕೆ ಹಂಗಾಮು ಇರುತ್ತದಲ್ಲ, ಏಪ್ರಿಲ್ ತಿಂಗಳಲ್ಲಿ ಸೇವ್ ಆದ ಪೋಸ್ಟಿಗೆ ಜೂನ್ ಮಳೆ ಬಿದ್ದ ಮೇಲೆ External link taps ಮತ್ತೆ ಏರುತ್ತದೆಯೇ ನೋಡಿ. ಏರಿದರೆ ಜನ ಎತ್ತಿಟ್ಟದ್ದನ್ನು ತೆಗೆದು ಓದುತ್ತಿದ್ದಾರೆ.

ಕೂಟದಕೆಲಸ

ನಮ್ಮದು ಅಮೆರಿಕದ ಒಂದು ಊರಿನ ಕನ್ನಡ ಕೂಟದ ಪುಟ. ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮದ ಪೋಸ್ಟ್‌ಗಳಿಗೆ ಸೇವ್ ಬರುವುದೇ ಇಲ್ಲ. ಹಾಗಾದರೆ ನಮ್ಮ ಕ್ಯಾಪ್ಶನ್ ಕೆಟ್ಟದ್ದೇ?

ಅಳತೆಗೋಲು

ಅಲ್ಲ. ಕಾರ್ಯಕ್ರಮದ ಪೋಸ್ಟ್ ನೋಡಿದವರು ಮಾಡಬೇಕಾದ ಕೆಲಸ ಎರಡು, ಮನೆಯವರಿಗೂ ಗೆಳೆಯರಿಗೂ ಕಳಿಸುವುದು ಮತ್ತು ಟಿಕೆಟಿನ ಲಿಂಕ್ ಒತ್ತುವುದು. ನೀವು ಆ ಎರಡನ್ನು ನೋಡಿ, ಸೇವ್ ಕಾಲಂ ಅಳಿಸಿಬಿಡಿ. ಊಟದ ಪಟ್ಟಿ ಮೊದಲ ಸಾಲಿನಲ್ಲಿ ಬಂದರೆ ಶೇರ್ ಏರುತ್ತದೆಯೇ, ಹಾಡುವವರ ಹೆಸರು ಬಂದರೆ ಏರುತ್ತದೆಯೇ, ಇಂಥ ಹೋಲಿಕೆ ನಿಮಗೆ ಉಪಯೋಗ. ಆದರೆ ಟಿಕೆಟ್ ಮುಗಿಯುವ ದಿನ ಹತ್ತಿರವಾದಂತೆ ಏನು ಬರೆದರೂ ಲಿಂಕ್ ಒತ್ತುತ್ತಾರೆ, ಆದ್ದರಿಂದ ಕೊನೆಯ ವಾರದ ಪೋಸ್ಟನ್ನು ಮೊದಲ ವಾರದ್ದಕ್ಕೆ ಹೋಲಿಸಬೇಡಿ.

ಲೆಕ್ಕದಮೇಷ್ಟ್ರು

ಒಂದು ತಕರಾರು. ಎಲ್ಲವನ್ನೂ ರೀಚಿನಿಂದ ಭಾಗಿಸಿ ಎಂದಿರಿ. ರೀಚ್ ಹೊರಗಿನಿಂದ ಬಂದ ಸಂಖ್ಯೆಯಲ್ಲ, ಶೇರ್ ಹೆಚ್ಚಾದರೆ ರೀಚೂ ಬೆಳೆಯುತ್ತದೆ. ಒಂದು ಪೋಸ್ಟ್ 2,000 ಹಿಂಬಾಲಕರಿಗೆ ತಲುಪಿ 30 ಸೇವ್ ಆಯಿತು ಎನ್ನಿ, ಸಾವಿರಕ್ಕೆ 15. ಆಮೇಲೆ ಅದು ಚೆನ್ನಾಗಿ ಹಂಚಿಕೆಯಾಗಿ 3,000 ಅಪರಿಚಿತರಿಗೆ ಹೋಯಿತು. ಅವರಿಗೆ ನಿಮ್ಮ ಪುಟದ ಪರಿಚಯವಿಲ್ಲ, ಇನ್ನು 15 ಸೇವ್ ಮಾತ್ರ ಕೊಟ್ಟರು. ಈಗ 5,000ಕ್ಕೆ 45, ಅಂದರೆ 9. ಹೆಚ್ಚು ಗೆದ್ದ ಪೋಸ್ಟಿನ ದರ ಕಡಿಮೆಯಾಯಿತು! ನಿಮ್ಮ ಕಥನದ ಸೇವ್ 5 ಎಂದು ಕಾಣುವುದರಲ್ಲಿ ಇದರ ಪಾಲೂ ಇರಬಹುದು. ಅದಕ್ಕೇ ನಾನು ಮೊದಲ 24 ಗಂಟೆಯ ಅಂಕಿಯನ್ನೇ ನಂಬುವುದು, ಆಗ ನೋಡುವವರು ಬಹುಪಾಲು ಹಿಂಬಾಲಕರೇ.

ಅಳತೆಗೋಲು

ತಕರಾರು ನ್ಯಾಯವಾದದ್ದು. ಇನ್‌ಸೈಟ್ಸ್ ನೋಡಿದವರನ್ನು ಹಿಂಬಾಲಕರು, ಅಲ್ಲದವರು ಎಂದು ಒಡೆದು ತೋರಿಸುತ್ತದೆ, ಸೇವ್ ಮಾಡಿದವರನ್ನು ಹಾಗೆ ಒಡೆಯುವುದಿಲ್ಲ. ಅದನ್ನು ಕೊಟ್ಟಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ. ಆದರೆ 24 ಗಂಟೆಯ ಅಂಕಿಯನ್ನಷ್ಟೇ ನಂಬಿದರೆ ಇನ್ನೊಂದು ಕಡೆ ಜಾರುತ್ತೀರಿ. ಹುಡುಕಿಕೊಂಡು ಬಂದು ಓದುವಂಥ ಹಂತದ ಪೋಸ್ಟಿಗೆ ಸೇವ್ ನಿಧಾನವಾಗಿ ಸೇರುತ್ತದೆ, ಬೆಳಗ್ಗೆ ಹಾಕಿದ ಪೋಸ್ಟಿಗೂ ರಾತ್ರಿ ಹಾಕಿದ್ದಕ್ಕೂ ಮೊದಲ ದಿನ ಒಂದೇ ಅಲ್ಲ. 24 ಗಂಟೆಗೆ ಒಮ್ಮೆ, ಏಳನೇ ದಿನಕ್ಕೊಮ್ಮೆ ಬರೆದಿಟ್ಟುಕೊಳ್ಳಿ ಎನ್ನುತ್ತೇನೆ.

ಲೆಕ್ಕದಮೇಷ್ಟ್ರು

ಎರಡೂ ಒಂದೇ ಕಡೆ ಬೆರಳು ತೋರಿಸಿದರೆ ಸರಿ. ಬೇರೆ ಬೇರೆ ಕಡೆ ತೋರಿಸಿದಾಗ ಯಾವುದನ್ನು ನಂಬುತ್ತೀರಿ?

ಅಳತೆಗೋಲು

ಬೀಜ ಮಾರುವವರು ಏಳನೇ ದಿನದ್ದನ್ನು ನಂಬಲಿ ಎಂಬುದು ನನ್ನ ಅಭಿಪ್ರಾಯ. ನೀವು ಒಪ್ಪುವುದಿಲ್ಲ ಎಂದು ಗೊತ್ತು.

ಲೆಕ್ಕದಮೇಷ್ಟ್ರು

ಒಪ್ಪುವುದಿಲ್ಲ. ಏಳನೇ ದಿನಕ್ಕೆ ನೀವು ಕ್ಯಾಪ್ಶನ್ನನ್ನು ಅಳೆಯುತ್ತಿದ್ದೀರೋ, ಅದನ್ನು ಯಾರಿಗೆ ತೋರಿಸಿದರು ಎಂಬುದನ್ನು ಅಳೆಯುತ್ತಿದ್ದೀರೋ ಬಿಡಿಸಲಾಗದು.

ತಾರಸಿತೋಟ

ಎರಡನ್ನೂ ಬರೆದಿಡುತ್ತೇನೆ. ಮುಂದಿನ ಸುತ್ತು ಹೇಗೆ ನಡೆಸಬೇಕು ಎಂದು ಹೇಳಿ. ಈ ಸಲ ಚಿತ್ರ, ವಿಷಯ ಎಲ್ಲ ಕಲಸಿಹೋಗಿದೆ ಎಂದು ಗೊತ್ತಾಯಿತು.

ಅಳತೆಗೋಲು

ಎಂಟು ವಿಷಯ ಆರಿಸಿ: ಹಳದಿ ಎಲೆ, ಬಿಳಿ ನೊಣ, ಸಸಿ ನಾಟಿ, ಹೂ ಉದುರುವುದು, ಹೀಗೆ. ಎಂಟಕ್ಕೂ ಚಿತ್ರ ಮೊದಲೇ ತಯಾರಿಸಿಡಿ, ಚಿತ್ರದ ಮೇಲೆ ಪಟ್ಟಿಯಾಗಲಿ ಅಳತೆಯಾಗಲಿ ಬೇಡ. ಆಮೇಲೆ ನಾಣ್ಯ ಚಿಮ್ಮಿ ಯಾವುದಕ್ಕೆ ಹಂತ, ಯಾವುದಕ್ಕೆ ಕಥನ ಎಂದು ನಿರ್ಧರಿಸಿ. ಒಂದು ಬಗೆಗೆ ನಾಲ್ಕು ತುಂಬಿದರೆ ಉಳಿದದ್ದು ಇನ್ನೊಂದಕ್ಕೆ. ಇದನ್ನು ನೀವೇ ಆರಿಸಿದರೆ ಔಷಧದ ವಿಷಯ ತಾನಾಗಿ ಹಂತಕ್ಕೆ ಹೋಗುತ್ತದೆ, ಏಕೆಂದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ ಎಂಬುದು ಹಂತವಾಗಿ ಬರೆಯಲು ಸುಲಭ. ಆಗ ಸೇವ್ ಬಂದದ್ದು ಅಳತೆಗೋ ಬಗೆಗೋ ಮತ್ತೆ ತಿಳಿಯುವುದಿಲ್ಲ. ಕಥನದ ಕ್ಯಾಪ್ಶನ್ನಿನಲ್ಲೂ ಅದೇ 5 ಮಿಲಿ ಇರಬೇಕು. ಮಾಹಿತಿ ಒಂದೇ, ಹೇಳುವ ರೀತಿ ಮಾತ್ರ ಬೇರೆ.

ವ್ಯತ್ಯಾಸ ಮೊದಲ ಸಾಲಿನಲ್ಲೇ ಕಾಣಲಿ. ಮಡಚಿಕೊಳ್ಳುವ ಮುಂಚೆ ಕಾಣುವುದು ಸುಮಾರು 125 ಅಕ್ಷರ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ, ಅದು ಇಂಗ್ಲಿಷಿನ ಅಂದಾಜು. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆಯಾಗುತ್ತವೆ. "ಸ್ತ್ರೀ" ನಮ್ಮ ಕಣ್ಣಿಗೆ ಒಂದು, ಯೂನಿಕೋಡಿನಲ್ಲಿ ಆರು. ಆದ್ದರಿಂದ ಲೆಕ್ಕ ಹಾಕಬೇಡಿ. ಅಕ್ಷರ ದೊಡ್ಡದು ಮಾಡಿಟ್ಟಿರುವ ಸಣ್ಣ ಫೋನಿನಲ್ಲಿ ತೆರೆದು ಎಲ್ಲಿ ಕತ್ತರಿಸುತ್ತದೆ ನೋಡಿ. "ಮಳೆ ಹಿಡಿದು ಮೂರು ದಿನ" ಎಂಬಲ್ಲಿಗೇ ಸಾಲು ನಿಂತು ಟೊಮ್ಯಾಟೊ ಎಂಬ ಪದವೇ ಮಡಿಕೆಯೊಳಗೆ ಹೋದರೆ, ಟೊಮ್ಯಾಟೊ ಬೆಳೆಯುವವರು ನಿಲ್ಲದೆ ಮುಂದೆ ಹೋಗುತ್ತಾರೆ. ಆಮೇಲೆ ನೀವು ಕಥನ ಸೋತಿತು ಎಂದು ಬರೆದುಕೊಳ್ಳುತ್ತೀರಿ.

ಹಣ ಕೊಟ್ಟು ಬೂಸ್ಟ್ ಮಾಡಿದ್ದನ್ನು ಹೊರಗಿಡಿ. ಬೀಜ ಹೊಸದಾಗಿ ಬಂದ ದಿನ, ರಿಯಾಯಿತಿ ಇರುವ ದಿನ ಪರೀಕ್ಷೆಯ ಪೋಸ್ಟ್ ಬೇಡ. ಅದೇ ವಿಷಯವನ್ನು ಆ ವಾರ ಸ್ಟೋರಿಗೆ ಹಾಕಬೇಡಿ. ಅಂಕಿಗಳನ್ನು ಕೈಯಲ್ಲಿ ಬರೆಯುವ ಬದಲು ಮೆಟಾ ಬಿಸಿನೆಸ್ ಸೂಟ್‌ನಿಂದ ಇಳಿಸಿಕೊಳ್ಳಬಹುದು, ಆದರೆ 24 ಗಂಟೆಯದನ್ನು ಆ ಹೊತ್ತಿಗೇ ಗುರುತು ಹಾಕಿಕೊಳ್ಳಬೇಕು.

ತಾರಸಿತೋಟ

ಪ್ರಶ್ನೆಯನ್ನು ಬಿಟ್ಟೇಬಿಡುವುದೇ? ಯಜಮಾನರಿಗೆ ಅದೇ ಇಷ್ಟ.

ಅಳತೆಗೋಲು

ಬಿಡಬೇಡಿ, ಈ ಸುತ್ತಿನಿಂದ ಹೊರಗಿಡಿ. ಮೂರು ಬಗೆಯನ್ನು ಎಂಟು ಪೋಸ್ಟಿಗೆ ಹಂಚಿದರೆ ಯಾವುದಕ್ಕೂ ಎಣಿಕೆ ಸಾಲದು. ಯಜಮಾನರಿಗೆ ತೋರಿಸಲು ಪ್ರಶ್ನೆಯ ನಾಲ್ಕು ಪೋಸ್ಟಿನ ಕಾಮೆಂಟ್‌ಗಳನ್ನು ಈಗಲೇ ಕೂತು ಓದಿ. "ನಮ್ಮನೆಯಲ್ಲೂ" ಎಂಬ ಒಂದು ಪದದ ಉತ್ತರ ಎಷ್ಟು, ಯಾವ ರೋಗ, ಯಾವ ಊರು ಎಂದು ವಿವರ ಕೊಟ್ಟವರು ಎಷ್ಟು ಎಂದು ಬೇರೆ ಮಾಡಿ. ವಿವರ ಕೊಟ್ಟ ಕಾಮೆಂಟ್‌ಗಳಿಂದ ಮುಂದಿನ ಎಂಟು ವಿಷಯಗಳೇ ಸಿಗುತ್ತವೆ.

ತಾರಸಿತೋಟ

ಓದಿದೆ. ವಿವರವಾಗಿ ಬರೆದವರಲ್ಲಿ ಹೆಚ್ಚಿನವರು ಹೇಳಿದ್ದು ಹೀರೆಯ ಹೂವು ಉದುರುವ ಬಗ್ಗೆ, ಅದು ನಮ್ಮ ಪಟ್ಟಿಯಲ್ಲಿರಲಿಲ್ಲ. ಅದನ್ನು ಸೇರಿಸಿ ನಾಣ್ಯ ಚಿಮ್ಮಿದ್ದಾಯಿತು, ಹೀರೆಗೆ ಕಥನ ಬಿತ್ತು. ಹೀರೆಯ ಬೀಜ ಅಂಗಡಿಯಲ್ಲಿ ಕಡಿಮೆ ಉಳಿದಿದೆ, ಮುಗಿದುಹೋದರೆ ಲಿಂಕಿನ ಅಂಕಿ ಏನು ಮಾಡುವುದು?

ಅಳತೆಗೋಲು

ಲಿಂಕ್ ಒತ್ತುವವರಿಗೆ ಬೀಜ ಮುಗಿದದ್ದು ಪುಟ ತೆರೆದ ಮೇಲೆ ತಾನೇ ತಿಳಿಯುವುದು, ಹಾಗಾಗಿ External link taps ಕೆಡುವುದಿಲ್ಲ. ಯಾರಾದರೂ ಕಾಮೆಂಟಿನಲ್ಲಿ "ಸ್ಟಾಕ್ ಇಲ್ಲ" ಎಂದು ಬರೆದರೆ ಕೆಡುತ್ತದೆ. ಆ ಗಂಟೆಯನ್ನು ಗುರುತು ಹಾಕಿ, ಅಲ್ಲಿಯವರೆಗಿನದನ್ನು ಮಾತ್ರ ತೆಗೆದುಕೊಳ್ಳಿ. ಸೇವ್, ಶೇರ್ ಏಳನೇ ದಿನದವರೆಗೂ ನಡೆಯಲಿ.